ಸಿರಿಂಜಿನ ಗಾಳಿಗುಳ್ಳೆ ಹಾಗೇ ಇರಲಿ, ಚುಚ್ಚಿದ ಜಾಗ ಉಜ್ಜಬೇಡಿ

ಪ್ರಶ್ನೆ: ಸಿಸ್ಟರ್, ಹಾಸನದಲ್ಲಿ ಸಿಸೇರಿಯನ್ ಆಗಿ ಆರು ದಿನ ಆಯ್ತು. ಈಗ ಸಕಲೇಶಪುರದ ಹತ್ತಿರ ಅಮ್ಮನ ಮನೇಲಿದ್ದೀನಿ. ರಕ್ತ ಹೆಪ್ಪುಗಟ್ಟಬಾರದು ಅಂತ ದಿನಕ್ಕೊಂದು ಎನಾಕ್ಸಪೆರಿನ್ 40 ಇಂಜೆಕ್ಷನ್, ಒಟ್ಟು ಹತ್ತು ದಿನ. ನಾಲ್ಕು ಆಸ್ಪತ್ರೇಲೇ ಕೊಟ್ರು, ಆರು ಮನೆಗೆ ಕಳಿಸಿದ್ರು, ಎರಡು ನಾನೇ ಹೊಟ್ಟೆಗೆ ಹಾಕ್ಕೊಂಡೆ. ಸಿರಿಂಜ್ ಒಳಗೆ ಗಾಳಿಗುಳ್ಳೆ ಇತ್ತು. ಅಮ್ಮ ಇನ್ಸುಲಿನ್ ತಗೊಳ್ಳೋರು, ಗಾಳಿ ತೆಗೀಲೇಬೇಕು ಅಂದ್ರು. ತೆಗೆಯೋವಾಗ ಒಂದೆರಡು ಹನಿ ಔಷಧಿನೂ ಹೋಯ್ತು. ಚುಚ್ಚಿದ ಮೇಲೆ ಅಜ್ಜಿ ಎಣ್ಣೆ ಕೈಯಲ್ಲಿ ಚೆನ್ನಾಗಿ ಉಜ್ಜಿದ್ರು. ಈಗ ಹೊಕ್ಕುಳ ಬಲಗಡೆ ನೀಲಿಗಟ್ಟಿದೆ. ಹೋದ ಔಷಧಿಗೆ ಇನ್ನೊಂದು ಹಾಕ್ಕೋಬೇಕಾ? ಮುಂದೆ ಏನು ಮಾಡ್ಲಿ?

ಉತ್ತರ: ಇನ್ನೊಂದು ಹಾಕಿಕೊಳ್ಳಬೇಡಿ. ಇವತ್ತಿನ ಸಿರಿಂಜನ್ನು ಎಂದಿನ ಹೊತ್ತಿಗೆ, ಗುಳ್ಳೆ ಸಮೇತ, ಎಡಗಡೆಗೆ ಹಾಕಿಕೊಳ್ಳಿ. ಬಲಗಡೆ ನೀಲಿಯಾದ ಜಾಗವನ್ನು ಯಾರೂ ಮುಟ್ಟುವುದು ಬೇಡ. ನಿಮ್ಮ ಸಿರಿಂಜಿನಲ್ಲಿರುವುದು 0.4 ಮಿಲಿ, ಅದರಲ್ಲಿ 40 ಮಿಲಿಗ್ರಾಂ ಔಷಧಿ. ಇಷ್ಟು ಸಣ್ಣ ಸೂಜಿಯ ತುದಿಯಿಂದ ಒಂದೆರಡು ಹನಿ ಹೋದರೆ ಕೆಲವೇ ಮಿಲಿಗ್ರಾಂ ಕಡಿಮೆಯಾಗಿರುತ್ತದೆ. ಅದನ್ನು ಸರಿದೂಗಿಸಲು ಇಡೀ ಸಿರಿಂಜ್ ಹಾಕಿಕೊಂಡರೆ ಒಂದೇ ದಿನ ಎರಡು ಡೋಸ್ ಒಳಗೆ ಹೋಗಿ, ಹೊಲಿಗೆಯ ಜಾಗದಲ್ಲೋ ಗರ್ಭಕೋಶದಲ್ಲೋ ರಕ್ತಸ್ರಾವವಾಗುವ ಭಯ ಇರುತ್ತದೆ. ಹೊಲಿಗೆ ತೋರಿಸಲು ಹೋದಾಗ ಡಾಕ್ಟರಿಗೆ ಒಂದು ಮಾತು ಹೇಳಿ, ಸಾಕು.

ನಿಮ್ಮ ಅಮ್ಮ ಹೇಳಿದ್ದು ಅವರ ಇಂಜೆಕ್ಷನ್‌ಗೆ ಸರಿಯಾದ ಮಾತು. ಇನ್ಸುಲಿನ್ ಪೆನ್ನಿನಲ್ಲಿ ಪ್ರತಿ ಸಲ ಹೊಸ ಸೂಜಿ ಹಾಕಿ, ಎರಡು ಯೂನಿಟ್ ಹೊರಗೆ ಬಿಟ್ಟು, ತುದಿಯಲ್ಲಿ ಹನಿ ಕಂಡ ಮೇಲೆ ಚುಚ್ಚಿಕೊಳ್ಳಬೇಕು. ಅಲ್ಲಿ ಗಾಳಿ ಉಳಿದರೆ ಇನ್ಸುಲಿನ್ ಅಷ್ಟು ಕಡಿಮೆ ಹೋಗುತ್ತದೆ. ಪೆನ್ನಿನಲ್ಲಿ ಹಲವು ದಿನಕ್ಕಾಗುವಷ್ಟು ಔಷಧಿ ಇರುವುದರಿಂದ ಎರಡು ಯೂನಿಟ್ ಚೆಲ್ಲಿದರೂ ಅವತ್ತಿನ ಡೋಸ್ ಪೂರ್ತಿ ಸಿಗುತ್ತದೆ. ನಿಮ್ಮ ಸಿರಿಂಜಿನ ಲೆಕ್ಕ ಬೇರೆ. ಒಂದು ಡೋಸನ್ನು ಅಳೆದು ತುಂಬಿ, ಮುಚ್ಚಿ ಕಳಿಸಿದ್ದಾರೆ. ಚೆಲ್ಲಿದ್ದು ಆ ಡೋಸಿನಿಂದಲೇ ಹೋಯಿತು. ಗಾಳಿ ತೆಗೆಯಲು ಸೂಜಿಯನ್ನು ಮೇಲೆ ಮಾಡಿ ಪ್ಲಂಜರ್ ಒತ್ತಿದರೆ, ಗಾಳಿ ಎಲ್ಲಿ ಮುಗಿಯಿತು, ಔಷಧಿ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯುವುದೇ ಇಲ್ಲ. ಹನಿ ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ.

ಆ ಗುಳ್ಳೆ ತಯಾರಿಕೆಯಲ್ಲಿ ಅಪ್ಪಿತಪ್ಪಿ ಉಳಿದದ್ದೂ ಅಲ್ಲ. ಅದಕ್ಕೆ ಎರಡು ಕೆಲಸ ಇದೆ. ಪ್ಲಂಜರನ್ನು ಕೊನೆಯವರೆಗೆ ಒತ್ತಿದರೂ ಸೂಜಿಯ ಕೊಳವೆಯೊಳಗೆ, ಸೂಜಿ ಕೂಡುವ ಕತ್ತಿನಲ್ಲಿ ಒಂಚೂರು ಔಷಧಿ ನಿಂತುಬಿಡುತ್ತದೆ. ಗುಳ್ಳೆ ಔಷಧಿಯ ಹಿಂದೆಯೇ ಬಂದು ಆ ಉಳಿಕೆಯನ್ನು ಒಳಗೆ ತಳ್ಳುತ್ತದೆ. ಇದು ಒಂದು. ಎರಡನೆಯದು, ಸೂಜಿ ಹೋದ ದಾರಿಯಲ್ಲಿ ಕಡೆಗೆ ಉಳಿಯುವುದು ಔಷಧಿಯಲ್ಲ, ಗಾಳಿ. ಸೂಜಿ ಎಳೆದಾಗ ಔಷಧಿ ಅದೇ ದಾರಿಯಲ್ಲಿ ಚರ್ಮದ ಕಡೆಗೆ ವಾಪಸ್ ಜಿನುಗಿದರೆ ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವುದೇ ತಾನೇ ಈ ಔಷಧಿಯ ಕೆಲಸ. ಹಾಗೆ ಜಿನುಗಿದ ಕಡೆ ನೀಲಿಗಟ್ಟುವುದು ಹೆಚ್ಚು.

ಗಾಳಿ ಒಳಗೆ ಹೋದರೆ ಹೃದಯಕ್ಕೆ ಹೋಗಿ ಪ್ರಾಣಕ್ಕೇ ಅಪಾಯ ಎಂದು ತುಂಬ ಮಂದಿ ನನ್ನನ್ನು ಕೇಳುತ್ತಾರೆ. ರಕ್ತನಾಳಕ್ಕೆ ಹಾಕುವ ಡ್ರಿಪ್‌ನಲ್ಲಿ ಗಾಳಿ ಹೋಗಬಾರದು ಎಂದು ಆಸ್ಪತ್ರೆಯಲ್ಲಿ ನಾವು ಎಚ್ಚರ ವಹಿಸುವುದನ್ನು ನೋಡಿ ಬಂದಿರುವ ಭಯ ಅದು. ನೀವು ಚುಚ್ಚಿಕೊಳ್ಳುತ್ತಿರುವುದು ರಕ್ತನಾಳಕ್ಕಲ್ಲ, ಚರ್ಮದ ಕೆಳಗಿನ ಕೊಬ್ಬಿಗೆ. ಅಲ್ಲಿ ಇಷ್ಟು ಚಿಕ್ಕ ಗುಳ್ಳೆ ಏನೂ ತೊಂದರೆ ಕೊಡುವುದಿಲ್ಲ, ಮೈ ಅದನ್ನು ತಾನೇ ಹೀರಿಕೊಂಡುಬಿಡುತ್ತದೆ.

ಗುಳ್ಳೆ ಇದ್ದರೆ ಸಾಲದು, ಅದು ಸಿರಿಂಜಿನ ಹಿಂದಿನ ತುದಿಯಲ್ಲಿ, ಪ್ಲಂಜರ್ ಕಡೆಗೆ ಇರಬೇಕು. ಗಾಳಿ ಯಾವಾಗಲೂ ಮೇಲಕ್ಕೇ ಏರುವುದರಿಂದ ಸೂಜಿ ಕೆಳಮುಖವಾಗಿದ್ದರೆ ಗುಳ್ಳೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ನೀವು ಕೂರುವ ರೀತಿ ಮುಖ್ಯ. ನೆಟ್ಟಗೆ ಕುರ್ಚಿಯ ಮೇಲೆ ಕೂತು ಹೊಟ್ಟೆಗೆ ಚುಚ್ಚಿದರೆ ಸಿರಿಂಜ್ ಅಡ್ಡವಾಗಿ ನಿಲ್ಲುತ್ತದೆ, ಗುಳ್ಳೆ ನಡುವೆ ಎಲ್ಲೋ ಉಳಿಯಬಹುದು. ಮಂಚದ ಮೇಲೆ ಬೆನ್ನಿಗೆ ಎರಡು ದಿಂಬು ಕೊಟ್ಟು, ಅರ್ಧ ಮಲಗಿದ ಹಾಗೆ ಒರಗಿ, ಕಾಲು ಸ್ವಲ್ಪ ಮಡಚಿ. ಹೊಟ್ಟೆ ಸಡಿಲವಾಗುತ್ತದೆ, ಚುಚ್ಚುವ ಜಾಗ ಕಣ್ಣಿಗೆ ಕಾಣುತ್ತದೆ, ಹೊಲಿಗೆಗೂ ಎಳೆತ ಬೀಳುವುದಿಲ್ಲ. ಆ ಭಂಗಿಯಲ್ಲಿ ಸಿರಿಂಜನ್ನು ಹೊಟ್ಟೆಗೆ ನೇರವಾಗಿ ಹಿಡಿದರೆ ಸೂಜಿ ಕೆಳಮುಖವಾಗಿಯೇ ಇರುತ್ತದೆ.

ಇನ್ನು ಜಾಗ. ನೀವು ಹೊಕ್ಕುಳ ಬಲಗಡೆ ಎಂದಿದ್ದೀರಿ, ಎಷ್ಟು ದೂರ ಎಂದು ಬರೆದಿಲ್ಲ. ಹೊಕ್ಕುಳಿನಿಂದ ಕಡಿಮೆಯೆಂದರೂ 5 ಸೆಂಟಿಮೀಟರ್ ದೂರ ಇರಬೇಕು, ಅಂದರೆ ಹೆಚ್ಚುಕಡಿಮೆ ನಿಮ್ಮ ಮೂರು ಬೆರಳು ಅಗಲ. ಅದಕ್ಕಿಂತ ಇನ್ನೂ ಪಕ್ಕೆಯ ಕಡೆಗೆ ಸರಿದರೆ ಒಳ್ಳೆಯದೇ. ಹೊಟ್ಟೆಯ ಮಧ್ಯಗೆರೆಯ ಎರಡೂ ಬದಿಗೆ ಮೇಲಿಂದ ಕೆಳಕ್ಕೆ ಎರಡು ಪಟ್ಟಿಯಂಥ ಸ್ನಾಯುಗಳಿವೆ, ಅವುಗಳೊಳಗೆ ದೊಡ್ಡದೆನ್ನಬಹುದಾದ ರಕ್ತನಾಳಗಳು ಹರಿಯುತ್ತವೆ. ಸೂಜಿ ಆ ಸ್ನಾಯುವಿಗೆ ಹೋದರೆ ಒಳಗೇ ರಕ್ತ ಕಟ್ಟಿಕೊಂಡು ಗಟ್ಟಿ ಗಂಟಾಗಬಹುದು. ಅಪರೂಪ, ಆದರೆ ಆದಾಗ ತುಂಬ ನೋವು ಕೊಡುತ್ತದೆ, ಆಸ್ಪತ್ರೆಗೆ ಸೇರಬೇಕಾಗುತ್ತದೆ. ಪಕ್ಕೆಯ ಕಡೆ ಕೊಬ್ಬು ದಪ್ಪ, ಅಷ್ಟು ದೊಡ್ಡ ನಾಳವೂ ಇಲ್ಲ. ನಿಮ್ಮ ಹೊಲಿಗೆ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಇರುತ್ತದೆ. ಹೊಕ್ಕುಳ ಮಟ್ಟದಲ್ಲಿ ಪಕ್ಕಕ್ಕೆ ಹೋದರೆ ಅದರಿಂದಲೂ ದೂರ.

ಕೈಯನ್ನು ಸೋಪು ಹಾಕಿ ತೊಳೆಯಿರಿ, ಸ್ಪಿರಿಟ್ ಹತ್ತಿಯಿಂದ ಜಾಗ ಒರೆಸಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದಬೇಡಿ. ಒದ್ದೆ ಇರುವಾಗಲೇ ಚುಚ್ಚಿದರೆ ಸ್ಪಿರಿಟ್ ಒಳಗೆ ಹೋಗಿ ಉರಿಯುತ್ತದೆ. ಸೂಜಿಯ ಮುಚ್ಚಳವನ್ನು ತಿರುಚದೆ ನೇರವಾಗಿ ಎಳೆಯಿರಿ. ಕೆಲವು ಸಲ ಸೂಜಿಯ ತುದಿಯಲ್ಲಿ ಒಂದು ಹನಿ ತಾನಾಗಿ ಬಂದು ನಿಂತಿರುತ್ತದೆ. ಸೂಜಿಯನ್ನು ಕೆಳಕ್ಕೆ ಮಾಡಿ ಸಿರಿಂಜಿನ ಮೈಗೆ ಬೆರಳಿನಿಂದ ಮೆಲ್ಲಗೆ ತಟ್ಟಿ ಬೀಳಿಸಿ, ಪ್ಲಂಜರ್ ಮುಟ್ಟಬೇಡಿ. ಆ ಹನಿ ಚರ್ಮದ ಮೇಲೆ ಹರಿದರೂ ನೀಲಿ ಕಲೆ ಹೆಚ್ಚುತ್ತದೆ.

ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಚರ್ಮವನ್ನು ಕೊಬ್ಬಿನ ಸಮೇತ ಎತ್ತಿ ಹಿಡಿಯಿರಿ. ಹೆರಿಗೆಯಾದ ಹೊಸತರಲ್ಲಿ ಹೊಟ್ಟೆ ಸಡಿಲವಿರುವುದರಿಂದ ಇದು ಸುಲಭ. ಚಿವುಟುವುದಲ್ಲ, ಚಪಾತಿ ಹಿಟ್ಟನ್ನು ಎತ್ತಿ ಹಿಡಿದಷ್ಟು ಮೆದುವಾಗಿ. ನಿಮ್ಮ ಅಮ್ಮನ ಪೆನ್ನಿನ ಸೂಜಿ 4 ಮಿಲಿಮೀಟರ್ ಉದ್ದದ್ದಾದರೆ ಅವರು ಹೀಗೆ ಹಿಡಿಯದೆಯೂ ಚುಚ್ಚಿಕೊಳ್ಳುತ್ತಿರಬಹುದು. ನಿಮ್ಮ ಸೂಜಿ ಸುಮಾರು ಅರ್ಧ ಇಂಚು, ಅದಕ್ಕಿಂತ ಮೂರು ಪಟ್ಟು ಉದ್ದ. ಚರ್ಮ ಎತ್ತದೆ ಚುಚ್ಚಿದರೆ ಅದು ಕೊಬ್ಬು ದಾಟಿ ಸ್ನಾಯುವಿಗೆ ಹೋಗಬಹುದು.

ಎತ್ತಿದ ಮಡಿಕೆಯ ಮೇಲೆ ಸೂಜಿಯನ್ನು ಓರೆಯಾಗಿ ಅಲ್ಲ, ನೇರವಾಗಿ, ಪೂರ್ತಿ ಒಳಗೆ ಹೋಗುವಷ್ಟು ಚುಚ್ಚಿ. ಹೆದರಿ ಅರ್ಧಕ್ಕೆ ನಿಲ್ಲಿಸಿದರೆ ಔಷಧಿ ಚರ್ಮದಲ್ಲೇ ಉಳಿದು ಉರಿ, ಗಂಟು, ಕಲೆ ಎಲ್ಲವೂ ಹೆಚ್ಚು. ರಕ್ತ ಬರುತ್ತದೆಯೇ ನೋಡೋಣ ಎಂದು ಪ್ಲಂಜರನ್ನು ಹಿಂದಕ್ಕೆ ಎಳೆಯಬೇಡಿ. ಆಮೇಲೆ ನಿಧಾನವಾಗಿ ಒತ್ತಿ. ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸುತ್ತಾ ಒತ್ತಿ ಎಂದು ನಾನು ವಾರ್ಡಿನಲ್ಲಿ ಕಲಿಸುತ್ತೇನೆ. ಅದಕ್ಕಿಂತ ನಿಧಾನವಾದರೂ ಸರಿ, ಬೇಗ ಮುಗಿಸುವುದು ಬೇಡ. ಔಷಧಿ ಹೋಗುವಾಗ ಸ್ವಲ್ಪ ಉರಿಯುತ್ತದೆ, ಅದು ಸಹಜ. ಕೊನೆಗೆ ಗುಳ್ಳೆ ಸೂಜಿಯ ಕಡೆ ಜಾರಿ ಮಾಯವಾಗುವುದು ಗಾಜಿನಲ್ಲಿ ಕಾಣುತ್ತದೆ. ಅದು ಕಾಣೆಯಾಗಿ, ಪ್ಲಂಜರ್ ತಳ ಮುಟ್ಟಿ ನಿಂತರೆ ಡೋಸ್ ಪೂರ್ತಿ ಹೋಯಿತು ಎಂದರ್ಥ. ಸೂಜಿಯನ್ನು ಹೋದ ದಾರಿಯಲ್ಲೇ ನೇರವಾಗಿ ಎಳೆಯಿರಿ, ಆಮೇಲೆ ಎಡಗೈಯ ಮಡಿಕೆ ಬಿಡಿ. ಮೊದಲೇ ಬಿಟ್ಟರೆ ಸೂಜಿ ಒಳಗೆ ಅಲುಗಾಡುತ್ತದೆ.

ಈಗ ಅಜ್ಜಿಯ ವಿಷಯ. ಚುಚ್ಚಿದ ಜಾಗ ಉಜ್ಜುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆ ಎಂದರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಹಾಗೆ ಮಾಡಿದ್ದೇನೆ. ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನನ್ನು ಹತ್ತಿಯಿಂದ ಉಜ್ಜಿ ಅಭ್ಯಾಸವಾಗಿದ್ದ ಕೈ, ಒಬ್ಬ ಬಾಣಂತಿಯ ಹೊಟ್ಟೆಯನ್ನೂ ಉಜ್ಜಿತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ನನ್ನ ಹೆಬ್ಬೆರಳು ತಿರುಗಿದ ದಾರಿಯಲ್ಲೇ ನೇರಳೆ ಬಣ್ಣದ ಒಂದು ಉಂಗುರ, ಮಧ್ಯೆ ಸೂಜಿಯ ಚುಕ್ಕೆ. ಆಕೆ ಏನೂ ಹೇಳಲಿಲ್ಲ, ನಾನು ಮಾತ್ರ ಆ ಉಂಗುರವನ್ನು ಇವತ್ತಿಗೂ ಮರೆತಿಲ್ಲ. ಸೂಜಿ ಹೋದಾಗ ಕೆಲವು ಸಣ್ಣ ನಾಳಗಳಿಗೆ ಗಾಯವಾಗಿಯೇ ಇರುತ್ತದೆ. ಸುಮ್ಮನೆ ಬಿಟ್ಟರೆ ಅವು ಮುಚ್ಚಿಕೊಳ್ಳುತ್ತವೆ. ಉಜ್ಜಿದರೆ ಆಗ ತಾನೇ ಮುಚ್ಚಿದ್ದು ಮತ್ತೆ ಬಿಚ್ಚಿಕೊಂಡು, ಅಕ್ಕಪಕ್ಕದ ನಾಳಗಳೂ ಒಡೆದು, ರಕ್ತ ಚರ್ಮದ ಕೆಳಗೆ ಹರಡುತ್ತದೆ. ಜೊತೆಗೆ ಔಷಧಿ ಅದೇ ಜಾಗದಲ್ಲಿ ಇರುವುದರಿಂದ ರಕ್ತ ನಿಲ್ಲುವುದೂ ತಡ. ಅಂದಹಾಗೆ, ಇನ್ಸುಲಿನ್ ಚುಚ್ಚಿದ ಜಾಗವನ್ನೂ ಉಜ್ಜಬಾರದು, ಅದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ಇಳಿದುಬಿಡಬಹುದು. ನಿಮ್ಮ ಅಮ್ಮನಿಗೂ ಹೇಳಿ.

ಸೂಜಿ ತೆಗೆದಾಗ ಒಂದು ಚುಕ್ಕೆ ರಕ್ತ ಬಂದರೆ ಒಣ ಹತ್ತಿಯನ್ನು ಮೇಲೆ ಇಟ್ಟು, ಅಲುಗಾಡಿಸದೆ, ಒಂದೆರಡು ನಿಮಿಷ ಹಗುರವಾಗಿ ಒತ್ತಿ ಹಿಡಿಯಿರಿ. ಒತ್ತುವುದು ಬೇರೆ, ಉಜ್ಜುವುದು ಬೇರೆ. ರಕ್ತವೇ ಬರದಿದ್ದರೆ ಹತ್ತಿಯೂ ಬೇಡ.

ಅಜ್ಜಿಗೆ ಬರೀ ಬೇಡ ಎಂದರೆ ಸಾಲದು ಎಂದು ನನಗೆ ಗೊತ್ತು. ಬಾಣಂತಿ ಸ್ನಾನಕ್ಕೆ ಹಂಡೆ ನೀರು ಕಾಯಿಸಿ, ಹೊಟ್ಟೆಗೆ ಎಣ್ಣೆ ಹಚ್ಚಿ ನೀವಿ, ಬಿಸಿನೀರು ಹೊಯ್ದು, ಸೀರೆಯಿಂದ ಬಿಗಿಯಾಗಿ ಕಟ್ಟುವುದು ಅವರ ಪ್ರೀತಿ. ಅವರಿಗೆ ಹೀಗೆ ಹೇಳಿ: ಸಿಸೇರಿಯನ್ ಗಾಯ ಮಾಗುವವರೆಗೆ ಹೊಟ್ಟೆಗೆ ಎಣ್ಣೆ ತಿಕ್ಕುವುದು ಹೇಗೂ ಇಲ್ಲ, ಈ ಇಂಜೆಕ್ಷನ್ ನಡೆಯುವಷ್ಟು ದಿನವಂತೂ ಹೊಟ್ಟೆಯ ಎರಡೂ ಪಕ್ಕ ಮುಟ್ಟುವ ಹಾಗಿಲ್ಲ. ತಲೆಗೆ, ಭುಜಕ್ಕೆ, ಕೈಗೆ ಬೇಕಾದರೆ ಎಣ್ಣೆ ಹಚ್ಚಲಿ. ಕಾಲಿಗೆ ಸವರಬಹುದು, ಆದರೆ ಮೀನಖಂಡವನ್ನು ಹಿಸುಕಿ ನೀವುವುದು ಬೇಡ. ರಕ್ತ ಹೆಪ್ಪುಗಟ್ಟುವುದಿದ್ದರೆ ಹೆಚ್ಚಾಗಿ ಕಾಲಿನಲ್ಲೇ ಕಟ್ಟುವುದು, ಈ ಇಂಜೆಕ್ಷನ್ ಕೊಟ್ಟಿರುವುದೇ ಅದನ್ನು ತಡೆಯಲು. ನೀಲಿಯಾದ ಜಾಗಕ್ಕೆ ಬಿಸಿ ಶಾಖ ಕೊಡುವುದೂ ಬೇಡ, ಶಾಖಕ್ಕೆ ನಾಳಗಳು ಅರಳಿ ಕಲೆ ಇನ್ನಷ್ಟು ಹರಡಬಹುದು. ಬೆಳಿಗ್ಗೆ ಸ್ನಾನ ಮಾಡಿಸುವ ಮನೆಯಲ್ಲಿ ರಾತ್ರಿ ಊಟದ ಮೇಲೆ ಇಂಜೆಕ್ಷನ್ ಇಟ್ಟುಕೊಂಡರೆ ನಡುವೆ ಹಲವು ಗಂಟೆ ಸಿಗುತ್ತದೆ. ನೀವು ಈಗ ಯಾವ ಹೊತ್ತಿಗೆ ಹಾಕಿಕೊಳ್ಳುತ್ತಿದ್ದೀರೋ ಬರೆದಿಲ್ಲ. ರಾತ್ರಿಯೇ ಆದರೆ ಹಾಗೇ ಮುಂದುವರಿಸಿ. ಬೆಳಿಗ್ಗೆಯಾದರೆ ನೀವೇ ಬದಲಾಯಿಸಬೇಡಿ, ಎರಡು ಡೋಸುಗಳ ಅಂತರ ಹೆಚ್ಚುಕಡಿಮೆಯಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಈಗ ಆಗಿರುವ ನೀಲಿ ಕಲೆ ಒಂದು ರೂಪಾಯಿ ನಾಣ್ಯದಷ್ಟೋ, ಅದಕ್ಕಿಂತ ಸ್ವಲ್ಪ ದೊಡ್ಡದೋ ಇದ್ದು, ಮೆದುವಾಗಿದ್ದರೆ ಹೆದರಬೇಡಿ. ನೀಲಿ ಹಸಿರಾಗಿ, ಹಳದಿಯಾಗಿ, ಒಂದೆರಡು ವಾರದಲ್ಲಿ ಹೋಗುತ್ತದೆ. ಬೆಳೆಯುತ್ತಿದೆಯೇ ಎಂದು ತಿಳಿಯಲು ಬಾಲ್ ಪೆನ್ನಿನಿಂದ ಅಂಚಿಗೆ ಸುತ್ತಲೂ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ವಾರ್ಡಿನಲ್ಲಿ ನಾವೂ ಹೀಗೇ ಮಾಡುತ್ತೇವೆ. ಬಣ್ಣ ಒಂದಿಷ್ಟು ಹರಡಿದರೆ ಪರವಾಗಿಲ್ಲ. ಆದರೆ ಗೆರೆ ದಾಟಿ ಊದುತ್ತಾ ಹೋದರೆ, ಗಟ್ಟಿಯಾಗಿ ನೋಯುತ್ತಿದ್ದರೆ, ಆ ಜಾಗದ ಚರ್ಮ ಕಪ್ಪಾದರೆ ಮುಂದಿನ ಸಿರಿಂಜ್ ಹಾಕಿಕೊಳ್ಳುವ ಮೊದಲೇ ಡಾಕ್ಟರನ್ನು ಕಾಣಿ.

ತಡಮಾಡದೆ ಹೊರಡಬೇಕಾದ ಸಂದರ್ಭಗಳೂ ಇವೆ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುವುದು, ಹೊಲಿಗೆಯಿಂದ ರಕ್ತ ಜಿನುಗಿ ನಿಲ್ಲದಿರುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ತಲೆಗೆ ಪೆಟ್ಟು ಬೀಳುವುದು ಅಥವಾ ಎಂದೂ ಬಾರದಂಥ ತಲೆನೋವು ಬರುವುದು ರಕ್ತಸ್ರಾವದ ಕಡೆಯ ಅಪಾಯ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಬರುವುದು ಹೆಪ್ಪುಗಟ್ಟಿದ ಕಡೆಯ ಅಪಾಯ. ಇದರಲ್ಲಿ ಯಾವುದಾದರೂ ಆದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಯಾವ ಇಂಜೆಕ್ಷನ್ ಎಂದು ತೋರಿಸಲು ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮಳೆಗಾಲದಲ್ಲಿ ನಿಮ್ಮ ಕಡೆಯ ರಸ್ತೆ ನನಗೆ ಗೊತ್ತು, ಅದಕ್ಕೇ ಬೇಗ ಹೊರಡಿ ಎನ್ನುತ್ತಿದ್ದೇನೆ.

ನೋವಿನ ಮಾತ್ರೆಯನ್ನು ಚೀಟಿಯಲ್ಲಿ ಬರೆದಷ್ಟೇ ತಗೊಳ್ಳಿ. ಸೊಂಟ ನೋಯುತ್ತದೆ ಎಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದನ್ನು ಮೇಲಿಂದ ಸೇರಿಸಿಕೊಂಡರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮಗುವಿಗೆ ಹಾಲು ಕೊಡಬಹುದಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಧಾರಾಳವಾಗಿ ಕೊಡಿ. ಈ ಔಷಧಿ ಹಾಲಿಗೆ ಹೋಗುವುದು ತೀರಾ ಕಡಿಮೆ, ಹೋದರೂ ಮಗುವಿನ ಹೊಟ್ಟೆಯಿಂದ ರಕ್ತಕ್ಕೆ ಸೇರುವುದಿಲ್ಲ.

ಅಮ್ಮನ ಇನ್ಸುಲಿನ್ ಪಕ್ಕದಲ್ಲೇ ಈ ಸಿರಿಂಜುಗಳನ್ನೂ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಒಲೆಯ ಶಾಖ, ಬಿಸಿಲು ತಾಗದ ಕಪಾಟು ಸಾಕು, 25 ಡಿಗ್ರಿ ಒಳಗೆ ಇರಬೇಕು ಅಷ್ಟೇ. ಹೆಪ್ಪುಗಟ್ಟಿ ಮಂಜಾಗಿದ್ದ ಸಿರಿಂಜನ್ನು ಬಳಸಬೇಡಿ, ಬೇರೆ ತರಿಸಿ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳು ಚುಚ್ಚಿಕೊಳ್ಳುವವರೇ ಹೆಚ್ಚು. ಸಿರಿಂಜಿಗೆ ರಕ್ಷಣಾ ಕವಚ ಇದ್ದರೆ ಸೂಜಿ ಹೊರಗೆ ತೆಗೆದ ಮೇಲೆ ಪ್ಲಂಜರನ್ನು ಜೋರಾಗಿ ಒತ್ತಿದಾಗ ಅದು ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಹಾಗೆಯೇ ಫಿನಾಯಿಲ್ ಖಾಲಿಯಾದ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಹಂಡೆ ಒಲೆಗೂ ಬೇಡ, ತೋಟದ ಗುಂಡಿಗೂ ಬೇಡ, ಕಾಫಿ ಗಿಡದ ಬುಡ ಬಿಡಿಸುವವರ ಬರಿಗಾಲಿಗೆ ಸಿಗುತ್ತದೆ. ಹೊಲಿಗೆ ತೋರಿಸಲು ಹಾಸನಕ್ಕೆ ಬರುವಾಗ ಆ ಕ್ಯಾನನ್ನು ತಂದು ವಾರ್ಡಿನಲ್ಲಿ ಕೊಡಿ, ಸೂಜಿ ಹಾಕುವ ಡಬ್ಬ ಅಲ್ಲಿರುತ್ತದೆ. ಉಳಿದಿರುವುದು ನಾಲ್ಕು. ಇವತ್ತು ಎಡಕ್ಕೆ, ನಾಳೆ ಬಲಗಡೆ ನೀಲಿ ಜಾಗ ಬಿಟ್ಟು ಇನ್ನೂ ಪಕ್ಕೆಗೆ, ಮತ್ತೆ ಎಡ, ಮತ್ತೆ ಬಲ.